ಪ್ರೊಸೆಸರ್ ಇಲ್ಲದ ಟೆನಿಸ್ ಆಟ, 50 ಹರ್ಟ್ಜ್ ಟಿವಿಯ ಮೇಲೆ: ನನ್ನ ಅನುಭವ

ಅಟಾರಿಯ ಪಾಂಗ್ 1972ರದು. ಆಲನ್ ಆಲ್ಕಾರ್ನ್ ಮಾಡಿದ ಆ ಬೋರ್ಡಿನಲ್ಲಿ ಸುಮಾರು 66 ಐಸಿಗಳಿವೆ. ಪ್ರೊಸೆಸರ್ ಇಲ್ಲ, ಪ್ರೋಗ್ರಾಮ್ ಇಲ್ಲ, ಚೆಂಡು ಎಲ್ಲಿದೆ ಎಂದು ಬರೆದಿಡಲು ಮೆಮರಿಯೂ ಇಲ್ಲ. ಆದರೆ ಆ ಸರ್ಕ್ಯೂಟ್ ಅಮೆರಿಕದ ಟಿವಿಗೆ ಹೊಲಿದ ಅಂಗಿ: ಸೆಕೆಂಡಿಗೆ 60 ಚಿತ್ರ, ಪ್ರತಿ ಚಿತ್ರಕ್ಕೆ 262 ಗೆರೆ. ನಮ್ಮ ಹಳೆಯ ಕಪ್ಪು-ಬಿಳುಪು ಟಿವಿಗೆ ಬೇಕಾದದ್ದು 50 ಚಿತ್ರ, 312 ಗೆರೆ. "ಅದನ್ನ ಇಲ್ಲಿಗೆ ತಂದರೆ ಚೆಂಡೇ ನಿಲ್ಲಲ್ಲ, ಒಂದು ಆರ್ಡುಯಿನೊ ಹಾಕಿ ಮುಗಿಸು" ಎಂದವರೇ ಹೆಚ್ಚು. ಮೊದಲ ಸಲ ಅವರು ಹೇಳಿದ್ದೇ ಆಯಿತು, ಚೆಂಡು ನಿಲ್ಲಲಿಲ್ಲ. ಈಗ ನಿಂತಿದೆ. 7493, 74161, 555 ಇವುಗಳ ಜೊತೆ ಪಳಗಿದವರಿಗಾಗಿ ಇದು; ಡೇಟಾಶೀಟ್ ಪಾಠ ಮಾಡುವುದಿಲ್ಲ.

ಗಡಿಯಾರ ಮೂಲದ್ದೇ ಇಟ್ಟೆ: 14.318 ಮೆಗಾಹರ್ಟ್ಜ್ ಕ್ರಿಸ್ಟಲ್, ಅದರ ಅರ್ಧ 7.159. ಒಂದು ಗೆರೆಗೆ 455 ಮಿಡಿತ, ಹಾಗಾಗಿ ಸೆಕೆಂಡಿಗೆ 15,734 ಗೆರೆ. ನಮ್ಮಲ್ಲಿ 15,625 ಇರಬೇಕು. ಈ ಮುಕ್ಕಾಲು ಶೇಕಡಕ್ಕೂ ಕಡಿಮೆ ವ್ಯತ್ಯಾಸವನ್ನು ಹಾರಿಜಾಂಟಲ್ ಹೋಲ್ಡ್ ಗುಂಡಿ ನುಂಗಿಕೊಳ್ಳುತ್ತದೆ. ಅಡ್ಡ ದಿಕ್ಕಿನಲ್ಲಿ ಒಂದು ತಂತಿಯನ್ನೂ ಕದಲಿಸಲಿಲ್ಲ. ಪಾಡೆಲ್ಲ ಲಂಬ ದಿಕ್ಕಿನದು.

ಲಂಬ ಕೌಂಟರ್ ಎಂದರೆ ಎರಡು 7493, ಒಂಬತ್ತನೇ ಬಿಟ್‌ಗೆ ಅರ್ಧ 74107. ಮೂಲದಲ್ಲಿ 261ಕ್ಕೆ ರೀಸೆಟ್. 256, 4, 1 ಮೂರೇ ಬಿಟ್, 7410ರ ಒಂದು ಗೇಟು ಸಾಕು. ನಮಗೆ 311 ಬೇಕು: 256, 32, 16, 4, 2, 1. ಆರು ಬಿಟ್ ಆದ್ದರಿಂದ 7430 ಹಾಕಿ, ಉಳಿದ ಎರಡು ಕಾಲನ್ನು 5 ವೋಲ್ಟಿಗೆ ಕಟ್ಟಿದೆ. ಒಂದು ಐಸಿ ಉಳಿಸಲು ಗೇಟಿನಿಂದ ನೇರ ರೀಸೆಟ್ ಕಾಲಿಗೆ ಎಳೆದದ್ದು ನನ್ನ ಮೊದಲ ಜಿಪುಣತನ. 7493ರಲ್ಲಿ ಒಂದು ಬಿಟ್ ತಿರುಗಿದ ಮೇಲೆ ಇನ್ನೊಂದು ತಿರುಗುತ್ತದೆ, ಎಲ್ಲವೂ ಒಟ್ಟಿಗೆ ಅಲ್ಲ. ಚುರುಕಿನ ಐಸಿ ಮೊದಲು ಸೊನ್ನೆಯಾಗುತ್ತದೆ, ಗೇಟು ಕೂಡಲೇ ಸಹಿ ಹಿಂತೆಗೆದುಕೊಳ್ಳುತ್ತದೆ, ನಿಧಾನದ ಐಸಿ ಹಳೆಯ ಎಣಿಕೆಯಲ್ಲೇ ಉಳಿಯುತ್ತದೆ. ಬೋರ್ಡ್ ತಣ್ಣಗಿದ್ದಾಗ ಚಿತ್ರ ಸರಿ, ಹತ್ತು ನಿಮಿಷ ಕಾದ ಮೇಲೆ ಉರುಳಾಟ. ಹೀಗಾದರೆ ರೋಗ ಇದೇ. ಗೇಟಿನ ಉತ್ತರವನ್ನು 7474ರಲ್ಲಿ ಹಾಯಿಸಿ. 7493 ಮಿಡಿತದ ಇಳಿಯುವ ಅಂಚಿಗೆ ಎಣಿಸುತ್ತದೆ, 7474 ಏರುವ ಅಂಚಿಗೆ ನೋಡುತ್ತದೆ, ಅಷ್ಟರಲ್ಲಿ ಬಿಟ್‌ಗಳೆಲ್ಲ ತಿರುಗಿ ನೆಲೆ ನಿಂತಿರುತ್ತವೆ. ರೀಸೆಟ್ ಕೂಡ ಇಡೀ ಒಂದು ಗೆರೆಯಷ್ಟು ಅಗಲ ಸಿಗುತ್ತದೆ, ಮುಂದೆ ಅದೇ ಉಪಯೋಗಕ್ಕೆ ಬರುತ್ತದೆ. ಅಂದಹಾಗೆ 7493ರ ವಿದ್ಯುತ್ ಕಾಲು 5, ನೆಲ 10. ಅಭ್ಯಾಸಬಲದಿಂದ 14 ಮತ್ತು 7ಕ್ಕೆ ಕೊಟ್ಟು ಎರಡು ದಿನ ತಲೆ ಕೆಡಿಸಿಕೊಳ್ಳಬೇಡಿ.

ಈಗ ಚೆಂಡು. ಇಡೀ ಆಟದ ಜಾಣತನ ಇಲ್ಲೇ ಇದೆ. ಪರದೆಯ ಗೆರೆ ಎಣಿಸುವ ಕೌಂಟರ್ ಒಂದು. ಅದರ ಪಕ್ಕದಲ್ಲೇ ಅವೇ ಗೆರೆಗಳನ್ನು ಎಣಿಸುವ ಇನ್ನೊಂದು ಎಂಟು ಬಿಟ್ ಕೌಂಟರ್, ಎರಡು 74161. (ಮೂಲದಲ್ಲಿ 9316, ಕಾಲಿಗೆ ಕಾಲು ಒಂದೇ.) ಈ ಎರಡನೆಯದು 252ರಿಂದ 255ರವರೆಗೆ ಇರುವಾಗ ಚೆಂಡು ಬರೆಯಲಾಗುತ್ತದೆ, ಅಂದರೆ ನಾಲ್ಕು ಗೆರೆ ಎತ್ತರ. 255 ಮುಗಿದೊಡನೆ ಸೊನ್ನೆಗೆ ಹೋಗುವ ಬದಲು ನಾವು ಕೊಟ್ಟ ಸಂಖ್ಯೆಯಿಂದ ಮತ್ತೆ ಶುರು. ಮೂಲ ಪಾಂಗಿನಲ್ಲಿ ಮೇಲಿನ 16 ಗೆರೆ ಕತ್ತಲು, ಆ ಹೊತ್ತು ಚೆಂಡಿನ ಕೌಂಟರ್ ಎಣಿಕೆ ನಿಲ್ಲಿಸುತ್ತದೆ. ಉಳಿದದ್ದು 246 ಗೆರೆ. ಶುರುವಿನ ಸಂಖ್ಯೆ 10 ಕೊಟ್ಟರೆ ಸುತ್ತು 256ರಲ್ಲಿ 10 ಕಳೆದು 246. ಪ್ರತಿ ಚಿತ್ರದಲ್ಲೂ ಚೆಂಡು ಅದೇ ಗೆರೆಯಲ್ಲಿ ಬರುತ್ತದೆ, ನಿಂತಂತೆ ಕಾಣುತ್ತದೆ. 11 ಕೊಟ್ಟರೆ ಸುತ್ತು 245, ಚೆಂಡು ಪ್ರತಿ ಚಿತ್ರಕ್ಕೂ ಒಂದು ಗೆರೆ ಬೇಗ ಬರುತ್ತದೆ, ಮೇಲೇರುತ್ತದೆ. 9 ಕೊಟ್ಟರೆ ಇಳಿಯುತ್ತದೆ. 7ರಿಂದ 13ರವರೆಗೆ ಏಳು ಸಂಖ್ಯೆಗಳೇ ಏಳು ಕೋನ. ಚೆಂಡಿನ ಜಾಗ ಎಲ್ಲೂ ಬರೆದಿಟ್ಟಿಲ್ಲ, ಎರಡು ಎಣಿಕೆಗಳ ನಡುವಿನ ಜಾರಿಕೆಯೇ ಅದರ ಓಟ.

312 ಗೆರೆಗೆ ಹೋದಾಗ ಇದು ಕುಸಿಯುವುದೂ ಇಲ್ಲಿಂದಲೇ. 16 ಕತ್ತಲು ಕಳೆದರೆ 296 ಗೆರೆ, ಎಂಟು ಬಿಟ್‌ಗೆ 256ರ ಮೇಲೆ ಲೆಕ್ಕ ಬಾರದು. ಸುತ್ತು 246 ಇದ್ದು ಎಣಿಕೆ 296 ಆದರೆ ಚೆಂಡು ಪ್ರತಿ ಚಿತ್ರಕ್ಕೆ 50 ಗೆರೆ ಮೇಲೆ ಜಿಗಿಯುತ್ತದೆ. ಪರದೆಯ ಮೇಲೆ ಮಸುಕು ಚೆಂಡುಗಳ ಏಣಿ ನಿಂತಂತೆ ಕಾಣುತ್ತದೆ. ಒಂಬತ್ತನೇ ಬಿಟ್ ಸೇರಿಸಿಯೂ ನೋಡಿದೆ, ಶುರು ಸಂಖ್ಯೆ 216. ನಡೆಯಿತು. ಆದರೆ ಟಿವಿಯ ಚೌಕಟ್ಟು ಮೇಲೂ ಕೆಳಗೂ ಗೆರೆ ತಿನ್ನುತ್ತದೆ, ಚೆಂಡು ಕಾಣೆಯಾದ ಮೇಲೆ ಪುಟಿಯುತ್ತಿತ್ತು. ಬಿಚ್ಚಿ ಹಾಕಿದೆ.

ಕೊನೆಗೆ ಗೆದ್ದ ದಾರಿ ಸರಳ: ಆಟದ ಮೈದಾನವನ್ನು 246 ಗೆರೆಯಲ್ಲೇ ಬಿಟ್ಟು ಕತ್ತಲನ್ನು ಹಿಗ್ಗಿಸುವುದು. 312ರಲ್ಲಿ 246 ಕಳೆದರೆ 66. ಕತ್ತಲಿನ ಲ್ಯಾಚ್ ರೀಸೆಟ್ ಆದಾಗ ಏಳುತ್ತದೆ. 64 ಮತ್ತು 2ರ ಬಿಟ್‌ಗಳು ಕೂಡಿದಾಗ ಬೀಳುತ್ತದೆ. ಚೆಂಡು, ಪುಟಿತ, 7483ರ ಕೂಡಿಕೆ ಯಾವುದನ್ನೂ ಮುಟ್ಟಬೇಕಿಲ್ಲ.

ಆದರೆ ಇಷ್ಟಕ್ಕೇ ಮುಗಿಯಲಿಲ್ಲ. ಮೂಲದಲ್ಲಿ ಕತ್ತಲಿನೊಳಗೆ 4ರ ಬಿಟ್ ಇದ್ದು 8ರದು ಇಲ್ಲದಾಗ ಲಂಬ ಸಿಂಕ್. 16 ಗೆರೆಯ ಕತ್ತಲಲ್ಲಿ ಅದು ಒಂದೇ ಸಲ. 66 ಗೆರೆಯಲ್ಲಿ 4, 20, 36, 52 ಎಂದು ನಾಲ್ಕು ಸಲ ಹೊಡೆಯುತ್ತದೆ, ಟಿವಿ ಕಕ್ಕಾಬಿಕ್ಕಿ. 16ರ ಬಿಟ್ ಇರಬೇಕು, 32ರದು ಇರಬಾರದು ಎಂದು ಸೇರಿಸಿದೆ. ಈಗ 20ರಿಂದ 23ರವರೆಗೆ ಒಂದೇ ಸಲ. 20ನ್ನೇ ಏಕೆ ಆರಿಸಿದೆ ಎಂದರೆ ಚಿತ್ರ ನಡುಮಧ್ಯ ಕೂರುತ್ತದೆ. 4ನ್ನು ಉಳಿಸಿಕೊಂಡರೆ ಮೈದಾನದ ಕೆಳಭಾಗ ಟಿವಿಯ ಅಂಚಿನಾಚೆ ಹೋಗುತ್ತದೆ. ಅಂಕಗಳೂ 32ನೇ ಗೆರೆಯ ಕತ್ತಲಲ್ಲಿ ಸಿಕ್ಕಿಬಿದ್ದಿದ್ದವು, ಅವನ್ನು 96ಕ್ಕೆ ಇಳಿಸಿದೆ. ಅಂಕೆ ಬರೆಯುವ 7448, 74153 ಭಾಗದಲ್ಲಿ ಎರಡು ಗೇಟು ಉಳಿಸಿದ್ದೇನೆ. ಅದು ನನ್ನಲ್ಲೇ ಇರಲಿ.

ಪರೀಕ್ಷೆಗೆ 7483 ಕಿತ್ತು, ಕೆಳಗಿನ 74161ರ ನಾಲ್ಕು ಲೋಡ್ ಕಾಲುಗಳಿಗೆ ಡಿಪ್ ಸ್ವಿಚ್ ಹಾಕಿ. 1010 ಇಟ್ಟರೆ ಚೆಂಡು ಲಂಬವಾಗಿ ಕಲ್ಲಿನಂತೆ ನಿಲ್ಲಬೇಕು. 1011 ಇಟ್ಟರೆ ಕೆಳಗಿಂದ ಮೇಲಕ್ಕೆ ಸುಮಾರು ಐದು ಸೆಕೆಂಡ್ ಹಿಡಿಯಬೇಕು. 1010ರಲ್ಲೇ ಚೆಂಡು ತೆವಳಿದರೆ ಎಲ್ಲೋ ಒಂದು ಗೆರೆ ಹೆಚ್ಚೋ ಕಡಿಮೆಯೋ ಎಣಿಕೆಯಾಗುತ್ತಿದೆ. ನನ್ನದು ತೆವಳಿತು. ಚೆಂಡಿನ ಕೌಂಟರಿಗೆ ಗೆರೆಯ ರೀಸೆಟ್ಟನ್ನೇ ಮಿಡಿತವಾಗಿ ಕೊಟ್ಟಿದ್ದೆ. ಕತ್ತಲು ಏಳುವುದೂ ಅದೇ ಅಂಚಿಗೆ, ಯಾರು ಮೊದಲು ಎಂಬ ಪೈಪೋಟಿ. ಮಿಡಿತವನ್ನು ಅಡ್ಡ ಸಿಂಕಿನಿಂದ ಕೊಡಿ, ಅದು 32 ಮಿಡಿತ ತಡವಾಗಿ ಬರುತ್ತದೆ, ಜಗಳವೇ ಇಲ್ಲ. ಇನ್ನೊಂದು: ಎಣಿಕೆ ನಿಲ್ಲಿಸಲು 74161ರಲ್ಲಿ ಎರಡು ಎನೇಬಲ್ ಕಾಲುಗಳಿವೆ, 7 ಮತ್ತು 10. ಕೆಳಗಿನ ಐಸಿಯ 10ಕ್ಕೇ ಕೊಡಿ. 7ಕ್ಕೆ ಕೊಟ್ಟರೆ ಎಣಿಕೆ ನಿಂತರೂ ಕ್ಯಾರಿ ನಿಲ್ಲುವುದಿಲ್ಲ. 255ರಲ್ಲಿ ಸಿಕ್ಕಿಬಿದ್ದರೆ ಕತ್ತಲಲ್ಲೇ ಲೋಡ್ ಆಗಿ ಚೆಂಡು ಒಂದು ಗೆರೆ ಜಾರುತ್ತದೆ.

ಮೇಲೆ-ಕೆಳಗೆ ಪುಟಿಯಲು ಗೋಡೆಯೇ ಬೇಡ. ಕತ್ತಲು ಶುರುವಾಗುವ ಕ್ಷಣದಲ್ಲಿ ಚೆಂಡು ಬರೆಯಲಾಗುತ್ತಿದ್ದರೆ ಒಂದು ಫ್ಲಿಪ್‌ಫ್ಲಾಪ್ ತಿರುಗುತ್ತದೆ, ಅಷ್ಟೇ. ಕತ್ತಲಲ್ಲಿ ಎಣಿಕೆ ಹೆಪ್ಪುಗಟ್ಟುವುದರಿಂದ ಚೆಂಡಿನ ಪಾಲಿಗೆ ಕೊನೆಯ ಗೆರೆಯ ಮುಂದಿನದೇ ಮೊದಲ ಗೆರೆ. ಎರಡು ಅಂಚಿಗೂ ಒಂದೇ ಫ್ಲಿಪ್‌ಫ್ಲಾಪ್ ಸಾಕಾಗುವುದು ಅದಕ್ಕೇ.

ಬ್ಯಾಟಿಗೆ ತಲಾ ಒಂದು 555, ಒಂದು 7493. 555ರ ಸಮಯ ಮುಗಿದ ಗೆರೆಯಿಂದ 7493 ಹದಿನಾರರ ಒಂದು ಸುತ್ತು ಎಣಿಸುತ್ತದೆ, ಅದೇ ಬ್ಯಾಟಿನ ಎತ್ತರ. ಅದೇ ಎಣಿಕೆಯ ಮೇಲಿನ ಮೂರು ಬಿಟ್ ಬ್ಯಾಟನ್ನು ಎಂಟು ತುಂಡು ಮಾಡುತ್ತದೆ. ಚೆಂಡು ತಾಗಿದಾಗ ಅವು ಲ್ಯಾಚ್ ಆಗಿ 7483ಕ್ಕೆ ಹೋಗುತ್ತವೆ. ನಡುವಿನ ಎರಡು ತುಂಡು ನೇರ, ಅಂಚಿಗೆ ಹೋದಷ್ಟೂ ಓರೆ. ಮೂಲದಲ್ಲಿ 555ಕ್ಕೆ ಚಾಲನೆ 256ರ ಬಿಟ್‌ನಿಂದ. 262 ಗೆರೆಯಲ್ಲಿ ಅದು ಸರಿ. 312ರಲ್ಲಿ ಹಾಗೇ ಬಿಟ್ಟರೆ 256ರಿಂದ ಕೆಳಗೆ ಬ್ಯಾಟು ಇಳಿಯುವುದೇ ಇಲ್ಲ, ಏಕೆಂದರೆ ಮುಂದಿನ ಚಾಲನೆ ಅಲ್ಲೇ ಬಂದಿರುತ್ತದೆ. ಚಾಲನೆಯನ್ನು ಲಂಬ ರೀಸೆಟ್ಟಿನಿಂದ ಕೊಟ್ಟೆ. ಆಗ ಬೇಕಾದ ಸಮಯ ಸುಮಾರು 4.3ರಿಂದ 18 ಮಿಲಿಸೆಕೆಂಡ್.

```
t = 1.1 × R × C
```

0.15 ಮೈಕ್ರೊಫ್ಯಾರಡ್, 27 ಕೆ ಸರಣಿಯಲ್ಲಿ, 100 ಕೆ ಪಾಟ್, ಪಾಟಿನ ಮೇಲೆ ಅಡ್ಡಲಾಗಿ 470 ಕೆ. ಆ 470 ಕೆ ಬಿಟ್ಟರೆ ಗುಂಡಿಯ ಕೊನೆಯಲ್ಲಿ ಸಮಯ 20 ಮಿಲಿಸೆಕೆಂಡ್ ದಾಟಿ ಬ್ಯಾಟು ಮಾಯವಾಗುತ್ತದೆ: ಮುಂದಿನ ಚಾಲನೆ ಬಂದಾಗ 555 ಇನ್ನೂ ಹಳೆಯದನ್ನೇ ಎಣಿಸುತ್ತಿರುತ್ತದೆ, ಮುಗಿಯುವುದು ಕತ್ತಲಲ್ಲಿ. ಕೆಪಾಸಿಟರ್ ಪಾಲಿಯೆಸ್ಟರ್ ಆಗಿರಲಿ. ಡಿಸ್ಕ್ ಸೆರಾಮಿಕ್ ಹಾಕಿದರೆ ಬೋರ್ಡ್ ಬಿಸಿಯಾದಂತೆ ಬ್ಯಾಟು ತಾನಾಗಿ ಸರಿಯುತ್ತದೆ. 555 ತಿರುಗುವಾಗ ವಿದ್ಯುತ್ತನ್ನು ಗಬಕ್ಕನೆ ಎಳೆಯುತ್ತದೆ, ಪಕ್ಕದ 7493 ಅದನ್ನು ಮಿಡಿತ ಎಂದುಕೊಳ್ಳುತ್ತದೆ. ಪ್ರತಿ 555ರ ಬುಡದಲ್ಲಿ 100 ಮೈಕ್ರೊಫ್ಯಾರಡ್ ಮತ್ತು 0.1, ಐದನೇ ಕಾಲಿಗೆ 0.01 ಇರಲೇಬೇಕು. ಆಟದ ಸದ್ದಿಗೆ ಆಸಿಲೇಟರ್ ಕಟ್ಟಬೇಡಿ, ಲಂಬ ಕೌಂಟರಿನ 16ರ ಬಿಟ್ ಪುಕ್ಕಟೆಯಾಗಿ 490ರ ಆಸುಪಾಸಿನ ದನಿ ಕೊಡುತ್ತದೆ, 32ರದು ಅದರ ಅರ್ಧ.

ಖರ್ಚು ನೆನಪಿನಿಂದ: ಎಸ್.ಪಿ. ರೋಡಿನಲ್ಲಿ ಐಸಿಗಳಿಗೆ ಎರಡು ಸಾವಿರದ ಇನ್ನೂರು ಚಿಲ್ಲರೆ, ಸಾಕೆಟ್, ಬೋರ್ಡ್, ತಂತಿಗೆ ಒಂದು ಸಾವಿರ, ಹಳೆಯ 14 ಇಂಚಿನ ಟಿವಿಗೆ ಆರು ನೂರು. ದಂಡವಾದದ್ದು ಸುಮಾರು ನಾನ್ನೂರು, ಒಂದು ಅಂಗಡಿಯ 74161 ಹತ್ತರಲ್ಲಿ ಆರು ಮೈಮೇಲಿನ ಬರಹ ಉಜ್ಜಿ ಮತ್ತೆ ಮುದ್ರಿಸಿದವು. ಸ್ಪಿರಿಟ್ ಹಚ್ಚಿ ಉಜ್ಜಿದರೆ ಅಕ್ಷರ ಎದ್ದು ಬಂತು. 7483 ಈಗ ಸಿಗುವುದು ಕಷ್ಟ, 74283 ಅದೇ ಕೆಲಸ ಮಾಡುತ್ತದೆ. ಕಾಲುಗಳ ಜೋಡಣೆ ಬೇರೆ, ವಿದ್ಯುತ್ 16, ನೆಲ 8. ಎಲ್ಲವೂ ಎಲ್‌ಎಸ್ ಜಾತಿಯದಾದರೆ 5 ವೋಲ್ಟ್ 1 ಆಂಪಿಯರ್ ಸಾಕು. ಹಳೆಯ ಸಾದಾ 74 ಆದರೆ 2 ಆಂಪಿಯರ್ ಇಟ್ಟುಕೊಳ್ಳಿ. ಟಿವಿ 12 ವೋಲ್ಟಿನಲ್ಲಿ ನಡೆಯುವ, ಟ್ರಾನ್ಸ್‌ಫಾರ್ಮರ್ ಇರುವ ಮಾದರಿಯೇ ಆಗಲಿ. ಕೆಲವು ಸೆಟ್ಟುಗಳ ಚಾಸಿಯಲ್ಲೇ ಮೇನ್ಸ್ ಇರುತ್ತದೆ, ಅದಕ್ಕೆ ಬೋರ್ಡಿನ ನೆಲ ತಾಗಿಸಿದರೆ ಕೈಯೂ ಉಳಿಯದು. ಸಿಂಕ್‌ಗೆ 1 ಕೆ, ಚಿತ್ರಕ್ಕೆ 470 ಓಮ್, ಎರಡನ್ನೂ ಕೂಡಿಸಿ 75 ಓಮ್ ವೀಡಿಯೊ ದಾರಿಗೆ ಬಿಡಿ.

ಚೆಂಡಿನ ಅಡ್ಡ ಓಟವೂ ಇದೇ ಜಾರಿಕೆ, ಆದರೆ ಒಂಬತ್ತು ಬಿಟ್, ಕಾಣುವ 375 ಮಿಡಿತ, ನಿಲ್ಲಿಸುವ ಸಂಖ್ಯೆ 137. ನಾಲ್ಕು ಹೊಡೆತಕ್ಕೊಮ್ಮೆ, ಹನ್ನೆರಡಕ್ಕೊಮ್ಮೆ ವೇಗ ಏರುವುದು ಮೂಲದಂತೆಯೇ. 50 ಹರ್ಟ್ಜಿನಲ್ಲಿ ಎಲ್ಲ ವೇಗವೂ ಆರನೇ ಒಂದು ಪಾಲು ತಗ್ಗುತ್ತದೆ, ಆಡುವವರಿಗೆ ಅದು ಮೊದಲ ನಾಲ್ಕು ಹೊಡೆತದಲ್ಲೇ ಗೊತ್ತಾಗುತ್ತದೆ. ಲೋಡ್ ಸಂಖ್ಯೆಯನ್ನು ಕೆಲವು ಚಿತ್ರಗಳಲ್ಲಿ ಮಾತ್ರ ಬದಲಿಸಿ ಆ ಪಾಲನ್ನು ವಾಪಸ್ ಪಡೆದಿದ್ದೇನೆ, ಒಂದು 7400 ಮತ್ತು ಲಂಬ ರೀಸೆಟ್ ಎಣಿಸುವ ಒಂದು 7490 ಹಿಡಿಯಿತು. ಯಾವ ಚಿತ್ರಗಳಲ್ಲಿ ಎನ್ನುವುದನ್ನು ಡಿಪ್ ಸ್ವಿಚ್ ಹಿಡಿದು ನೀವೇ ಹುಡುಕಿ.