ಆವರೇಜ್ ಮಾಡುವ ಮೊದಲು ಬರೆದು ನೋಡಿದ ಲೆಕ್ಕ

ನಿಫ್ಟಿ ಸೂಚ್ಯಂಕದ ಏರಿಳಿತದ ಮೇಲೆ ಪಣ ಕಟ್ಟುವ ಆಪ್ಷನ್‌ಗಳಲ್ಲಿ ವ್ಯವಹರಿಸುವವರ ನಡುವೆ ‘ಇನ್ನಷ್ಟು ಕೊಂಡು ಆವರೇಜ್ ಮಾಡಿ, ರಿಕವರಿ ಮಾಡಿಕೊಳ್ಳೋಣ’ ಎಂಬ ಮಾತು ಕೇಳದ ದಿನವಿಲ್ಲ. ಕೇಳಲು ಇದು ಜಾಣತನದಂತೆಯೇ ಇರುತ್ತದೆ. ಅದನ್ನು ನಾನು ಕಾಗದದ ಮೇಲಿಟ್ಟು ನೋಡಿದ ಒಂದು ದಿನದ ಲೆಕ್ಕ ಹೀಗಿದೆ.

ಅದು ವಾರದ ಎಕ್ಸ್‌ಪೈರಿ ದಿನ, ಅಂದರೆ ಆ ವಾರದ ಆಪ್ಷನ್‌ಗಳ ಅವಧಿ ಮುಗಿಯುವ ದಿನ. ಆಗ ನಿಫ್ಟಿಯ ಒಂದು ಲಾಟ್ ಎಂದರೆ 75 ಯೂನಿಟ್. ಬೆಳಿಗ್ಗೆ ಯೂನಿಟ್‌ಗೆ 80 ರೂಪಾಯಿಯಂತೆ, ನಿಫ್ಟಿ ಏರಿದರೆ ಬೆಲೆ ಏರುವ ಕಾಲ್ ಆಪ್ಷನ್ ಎರಡು ಲಾಟ್ ಕೊಂಡಿದ್ದೆ. ಹಾಕಿದ ಹಣ 12,000. ಹನ್ನೊಂದರ ಹೊತ್ತಿಗೆ ಬೆಲೆ 48ಕ್ಕೆ ಇಳಿದು 4,800 ರೂಪಾಯಿ ನಷ್ಟ ತೋರಿಸುತ್ತಿತ್ತು. ದಿನಕ್ಕೆ 5,000ಕ್ಕಿಂತ ಹೆಚ್ಚು ಕಳೆದುಕೊಳ್ಳಬಾರದೆಂದು ಹಿಂದಿನ ರಾತ್ರಿಯೇ ಬರೆದಿಟ್ಟಿದ್ದೆ. ಅದು ನನ್ನ ಬಂಡವಾಳದ ಶೇ 2ರಷ್ಟು.

ಆಗ ಮನಸ್ಸು ಒಂದು ದಾರಿ ತೋರಿಸಿತು. 48ರಲ್ಲಿ ಇನ್ನೂ ನಾಲ್ಕು ಲಾಟ್ ಕೊಂಡರೆ 14,400 ರೂಪಾಯಿ. ಒಟ್ಟು 450 ಯೂನಿಟ್‌ಗೆ 26,400 ಹಾಕಿದಂತಾಗಿ ಸರಾಸರಿ ಬೆಲೆ ಸುಮಾರು 58.67ಕ್ಕೆ ಬರುತ್ತದೆ. ಅಸಲು ಕೈಸೇರಲು ಬೆಲೆ 80ಕ್ಕೆ ಏರಬೇಕಿಲ್ಲ, ಹನ್ನೊಂದು ರೂಪಾಯಿ ಏರಿದರೆ ಸಾಕು. ಮನಸ್ಸು ಇಷ್ಟನ್ನೇ ಓದಿ ನಿಲ್ಲುತ್ತದೆ. ಇದೇ ಲೆಕ್ಕದ ಇನ್ನೊಂದು ಸಾಲನ್ನು ಕೈಯಿಂದ ಬರೆಯಲೇಬೇಕು: ಇಲ್ಲಿಯವರೆಗೆ ಬೆಲೆ ಒಂದು ರೂಪಾಯಿ ಇಳಿದರೆ 150 ಹೋಗುತ್ತಿತ್ತು, ಇನ್ನು ಮುಂದೆ 450 ಹೋಗುತ್ತದೆ. ಎಕ್ಸ್‌ಪೈರಿ ದಿನ ಸಂಜೆ ಮೂರೂವರೆಯೊಳಗೆ ಆಪ್ಷನ್ ಸೊನ್ನೆಯಾಗಲೂಬಹುದು.

ಮನಃಶಾಸ್ತ್ರಜ್ಞರಾದ ಡೇನಿಯಲ್ ಕಾಹ್ನೆಮನ್ ಮತ್ತು ಅಮೋಸ್ ಟ್ವೆರ್ಸ್ಕಿ 1979ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಈ ಸ್ಥಿತಿಗೆ ಹಿಡಿದ ಕನ್ನಡಿ. ಖಚಿತವಾಗಿ 3,000 ಕಳೆದುಕೊಳ್ಳುವುದು ಒಂದು ಆಯ್ಕೆ. 4,000 ಹೋಗುವ ಶೇ 80ರಷ್ಟು, ಏನೂ ಹೋಗದಿರುವ ಶೇ 20ರಷ್ಟು ಸಾಧ್ಯತೆ ಇರುವ ಪಣ ಇನ್ನೊಂದು. ಪಣದ ಸರಾಸರಿ ನಷ್ಟ 3,200, ಅಂದರೆ ಹೆಚ್ಚೇ. ಆದರೂ ಶೇ 92ರಷ್ಟು ಮಂದಿ ಪಣವನ್ನೇ ಆರಿಸಿದರು. ಇದೇ ಅಂಕಿಗಳನ್ನು ಲಾಭವಾಗಿ ಕೊಟ್ಟಾಗ ಹೆಚ್ಚಿನವರು ಖಚಿತ ಹಣವನ್ನೇ ಹಿಡಿದರು. ನಷ್ಟದಲ್ಲಿರುವವನಿಗೆ ‘ಸೊನ್ನೆಗೆ ಮರಳುವ’ ಅವಕಾಶ ಅಷ್ಟು ಸಿಹಿ. ಜೊತೆಗೆ, ಆಗಲೇ ಹಾಕಿದ 12,000 ವ್ಯರ್ಥವಾಗಬಾರದೆಂಬ ಹಟ ಸೇರಿಕೊಳ್ಳುತ್ತದೆ. ಮಾರುಕಟ್ಟೆಗೆ ಮಾತ್ರ ನಾನು 80ಕ್ಕೆ ಕೊಂಡದ್ದು ಗೊತ್ತೇ ಇಲ್ಲ.

ಆದ್ದರಿಂದ ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಈಗ ನನ್ನ ಕೈಯಲ್ಲಿ ಏನೂ ಇಲ್ಲದಿದ್ದರೆ, ಈ ಆಪ್ಷನ್ನನ್ನು 48ಕ್ಕೆ ಹೊಸದಾಗಿ ಕೊಳ್ಳುತ್ತಿದ್ದೆನೇ? ಅಂದು ಉತ್ತರ ‘ಇಲ್ಲ’ ಎಂದಿತ್ತು. ಎರಡೂ ಲಾಟ್ ಮಾರಿ, ಬ್ರೋಕರ್ ಆ್ಯಪ್‌ನಲ್ಲಿರುವ ಕಿಲ್ ಸ್ವಿಚ್ ಒತ್ತಿದೆ. ಒಮ್ಮೆ ಒತ್ತಿದರೆ ಆ ದಿನ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವಿಭಾಗ ಮತ್ತೆ ತೆರೆಯುವುದಿಲ್ಲ. ಟ್ರೇಡಿಂಗ್ ಖಾತೆಗೆ ಜೋಡಿಸಿರುವ ಬ್ಯಾಂಕ್ ಖಾತೆಯಲ್ಲೂ ಸ್ವಲ್ಪವೇ ಹಣ ಇಟ್ಟಿರುತ್ತೇನೆ, ಏಕೆಂದರೆ ಯುಪಿಐ ಇರುವಾಗ ಹೊಸ ಹಣ ತುಂಬಲು ಒಂದು ನಿಮಿಷವೂ ಬೇಡ.

ಮಧ್ಯಾಹ್ನ ಎರಡೂವರೆಗೆ ಆ ಆಪ್ಷನ್ 66ಕ್ಕೆ ಏರಿತು. ಆವರೇಜ್ ಮಾಡಿದ್ದರೆ 3,300 ಲಾಭ! ಕಲಿಸುವವರು ಇಂಥ ದಿನಗಳ ಮಾತೆತ್ತುವುದು ಕಡಿಮೆ, ಆದರೆ ಅಪಾಯ ಇರುವುದು ಇಲ್ಲಿಯೇ. ನಷ್ಟದ ಬೆನ್ನಟ್ಟುವುದು ಹಲವು ಬಾರಿ ಫಲಿಸುತ್ತದೆ, ಫಲಿಸಿದ್ದರಿಂದಲೇ ಅಭ್ಯಾಸವಾಗುತ್ತದೆ. ಫಲಿಸದ ದಿನ ಹೋಗುವುದು 26,400, ಅಂದರೆ ಇಂಥ ಎಂಟು ಗೆಲುವುಗಳಷ್ಟು.

ಈ ಸೆಳೆತ ಶುರುವಾಗಿದೆಯೆಂದು ತಿಳಿಯಲು ಆರ್ಡರ್ ಪಟ್ಟಿ ನೋಡಿದರೆ ಸಾಕು. ದಿನದ ಮೊತ್ತ ಮೈನಸ್‌ಗೆ ಹೋದ ಮೇಲೆ ಲಾಟ್‌ಗಳು ಹೆಚ್ಚಾಗುತ್ತವೆ, ಎರಡು ಆರ್ಡರ್‌ಗಳ ನಡುವಿನ ಅಂತರ ಕಡಿಮೆಯಾಗುತ್ತದೆ. ಎಲ್ಲಕ್ಕಿಂತ ಸ್ಪಷ್ಟವಾದ ಗುರುತು ಕೊಳ್ಳುವ ಆಪ್ಷನ್‌ನ ಬೆಲೆ. 80 ರೂಪಾಯಿಯದನ್ನು ಕೊಳ್ಳುತ್ತಿದ್ದವನು 20ರದಕ್ಕೆ, ಬಳಿಕ 5 ರೂಪಾಯಿಯದಕ್ಕೆ ಇಳಿಯುತ್ತಾನೆ, ಒಂದೇ ಜಿಗಿತದಲ್ಲಿ ಎಲ್ಲ ವಾಪಸಾಗಲಿ ಎಂದು. ಅನುಭವಿಗಳು ಇದಕ್ಕೆ ಹೊರತು ಎಂದುಕೊಳ್ಳಬೇಡಿ. ಷಿಕಾಗೊ ಬೋರ್ಡ್ ಆಫ್ ಟ್ರೇಡ್‌ನ ವೃತ್ತಿಪರ ವರ್ತಕರ ವ್ಯವಹಾರಗಳನ್ನು ಪರಿಶೀಲಿಸಿದ ಸಂಶೋಧಕರಾದ ಕೋವಲ್ ಮತ್ತು ಷಮ್‌ವೇ, ಬೆಳಿಗ್ಗೆ ನಷ್ಟ ಕಂಡವರು ಮಧ್ಯಾಹ್ನ ಹೆಚ್ಚಿನ ಅಪಾಯಕ್ಕೆ ಕೈಹಾಕುತ್ತಿದ್ದರೆಂದು 2005ರಲ್ಲಿ ತೋರಿಸಿದರು.

ದಿನದ ಮಿತಿಗೂ ಒಂದು ಮಿತಿಯಿದೆ. ಮರುದಿನ ಬೆಳಿಗ್ಗೆಯೂ ಮನಸ್ಸಿನ ಸೊನ್ನೆ ನಿನ್ನೆಯ ಮೊತ್ತದಲ್ಲೇ ಇರುತ್ತದೆ. ಅದಕ್ಕಾಗಿ ನಷ್ಟದ ಮರುದಿನ ಒಂದೇ ಲಾಟ್‌ನಿಂದ ಆರಂಭಿಸುತ್ತೇನೆ. ಅಲ್ಲದೆ, ಈ ನಿಯಮ ನಷ್ಟದ ಗಾತ್ರವನ್ನು ತಡೆಯುತ್ತದೆಯೇ ಹೊರತು ಲಾಭ ತರುವುದಿಲ್ಲ. ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವಿಭಾಗದ ವೈಯಕ್ತಿಕ ವ್ಯವಹಾರಸ್ಥರಲ್ಲಿ ಶೇ 93ರಷ್ಟು ಮಂದಿ ನಷ್ಟ ಅನುಭವಿಸಿದ್ದರು. ಸತತ ನಷ್ಟ ಕಂಡ ಮೇಲೂ ಮುಕ್ಕಾಲು ಭಾಗಕ್ಕಿಂತ ಹೆಚ್ಚಿನವರು ಮುಂದುವರಿಸಿದ್ದರು. ಆದ್ದರಿಂದ ಬ್ರೋಕರೇಜ್, ತೆರಿಗೆಗಳನ್ನೆಲ್ಲ ಕಳೆದು ಉಳಿಯುವ ವರ್ಷದ ಮೊತ್ತವನ್ನು ಪ್ರತಿ ಏಪ್ರಿಲ್‌ನಲ್ಲಿ ತೆಗೆದು, ಈ ವ್ಯವಹಾರವನ್ನು ಇಂದು ಹೊಸದಾಗಿ ಆರಂಭಿಸುತ್ತಿದ್ದೆನೇ ಎಂಬ ಪ್ರಶ್ನೆಯನ್ನು ಇಡೀ ಖಾತೆಗೂ ಕೇಳುತ್ತೇನೆ.