ರೇಡಿಯನ್ನೋ ಡಿಗ್ರಿಯೋ: ತೊಲೆಯ ಬಾಗು ಲೆಕ್ಕ ತಪ್ಪಿದ ಕಥೆ

ಆರು ಮೀಟರ್ ಅಂತರದ ಐಎಸ್‌ಎಂಬಿ 300 ಉಕ್ಕಿನ ತೊಲೆ, ಮೀಟರಿಗೆ 20 ಕಿಲೋನ್ಯೂಟನ್ ಭಾರ. ಎರಡೂ ತುದಿಗಳಲ್ಲಿ ಕೋನಪಟ್ಟಿ ಹಾಕಿ ಬೋಲ್ಟ್ ಬಿಗಿದ ಜೋಡಣೆ. ಅದರ ತಿರುಗು ಬಿಗಿತ 5700 kN·m/rad. ತಂತ್ರಾಂಶ ಕೊಟ್ಟ ಉತ್ತರದಲ್ಲಿ ನಡುವಿನ ಮೊಮೆಂಟ್ 31 kN·m, ಬಾಗು 4.2 ಮಿ.ಮೀ. ಇಷ್ಟು ಒಳ್ಳೆಯ ಉತ್ತರ ನೋಡಿಯೇ ನನಗೆ ಅನುಮಾನ ಬಂತು.

ಕಾಗದ ತೆಗೆದುಕೊಂಡು ತುದಿಯ ಮೊಮೆಂಟನ್ನು ಕೈಯಲ್ಲೇ ಲೆಕ್ಕ ಹಾಕಿದೆ:

```
Me = (wL²/12) / (1 + 2EI/(kL))
```

ಇಲ್ಲಿ w ಮೀಟರಿನ ಭಾರ, L ಅಂತರ, EI ತೊಲೆಯ ಬಾಗು ಬಿಗಿತ, k ಜೋಡಣೆಯ ತಿರುಗು ಬಿಗಿತ. 2EI/L ಸುಮಾರು 5740. ಅಂದರೆ k ಕೂಡ ಹೆಚ್ಚುಕಡಿಮೆ ಅಷ್ಟೇ; ಛೇದ 2 ಆಗುತ್ತದೆ. ಪೂರ್ತಿ ಬಿಗಿ ತುದಿಯ 60ರಲ್ಲಿ ಅರ್ಧ, 30 kN·m ಮಾತ್ರ ತುದಿಗೆ ಹೋಗುತ್ತದೆ. ಸರಳ ಆಧಾರದ 90ರಲ್ಲಿ ಅದನ್ನು ಕಳೆದರೆ ನಡುವೆ 60 ಉಳಿಯುತ್ತದೆ. ಬಾಗು 19.6ರಿಂದ 11.8 ಮಿ.ಮೀ.ಗೆ ಇಳಿಯುತ್ತದೆ, 4.2ಕ್ಕೆ ಅಲ್ಲ.

ತಂತ್ರಾಂಶದಲ್ಲಿ ನಾನು k ತುಂಬಿದ ಅಂಕಣ ಕೇಳುತ್ತಿದ್ದುದು ಪ್ರತಿ ಡಿಗ್ರಿಯ ಬಿಗಿತವನ್ನು! ನಾನು ಕೊಟ್ಟ ಸ್ಪ್ರಿಂಗ್ 57.3 ಪಟ್ಟು ಗಟ್ಟಿಯಾಗಿ, ತುದಿ ಗೋಡೆಯೊಳಗೆ ಹೂತಂತೆ ವರ್ತಿಸಿತ್ತು. 5700ರ ಜಾಗದಲ್ಲಿ 99.5 ಹಾಕಿದ ಕೂಡಲೇ ಎರಡೂ ಲೆಕ್ಕ ಕೂಡಿಬಂದವು.

ಆಮೇಲೆ k ಅನ್ನು ಅರ್ಧ ಮಾಡಿಯೂ ನೋಡಿದೆ, ಏಕೆಂದರೆ ಭಾರ ಏರಿದಂತೆ ಇಂಥ ಜೋಡಣೆ ಮೆತ್ತಗಾಗುತ್ತದೆ. ನಡುವಿನ ಮೊಮೆಂಟ್ 70, ಬಾಗು 14.4 ಮಿ.ಮೀ. ಬಿರುಕು ಬಿಡುವ ನೆಲಹಾಸಿಗಿರುವ L/360 ಮಿತಿ 16.7, ಸದ್ಯ ಒಳಗೇ ಇದೆ.