ಮನೆ ಕೆಲಸ ತಡವಾದರೆ ದಿನಕ್ಕೆಷ್ಟು ಪರಿಹಾರ? ಕರಾರಿನಲ್ಲಿ ಬರೆಯುವ ಕ್ರಮ

ಮನೆ ಕಟ್ಟಿಸುವವರು ಗುತ್ತಿಗೆದಾರರೊಂದಿಗೆ ಮಾಡಿಕೊಳ್ಳುವ ಕರಾರಿನಲ್ಲಿ ‘ತಡವಾದರೆ ದಿನಕ್ಕೆ ₹10,000 ದಂಡ’ ಎಂದು ಬರೆಸಿ ನಿಶ್ಚಿಂತರಾಗುವುದುಂಟು. ಆದರೆ ಬರೆದ ಮೊತ್ತವೆಲ್ಲ ಕೈಗೆ ಬರುವುದಿಲ್ಲ. ನಷ್ಟವನ್ನು ಮೊದಲೇ ಪ್ರಾಮಾಣಿಕವಾಗಿ ಅಂದಾಜಿಸಿ ಗೊತ್ತುಪಡಿಸಿದ ಹಣ ಲಿಕ್ವಿಡೇಟೆಡ್ ಡ್ಯಾಮೇಜಸ್, ಅಂದರೆ ನಿಗದಿತ ಪರಿಹಾರ. ಹೆದರಿಸಲೆಂದೇ ಬರೆದದ್ದು ದಂಡ. 1872ರ ಭಾರತೀಯ ಕರಾರು ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಎರಡರಲ್ಲೂ ಬರೆದ ಮೊತ್ತ ಗರಿಷ್ಠ ಮಿತಿಯಷ್ಟೇ, ಅದರೊಳಗೆ ನ್ಯಾಯಾಲಯ ಸಮಂಜಸವೆಂದು ಕಂಡಷ್ಟನ್ನು ಕೊಡಿಸುತ್ತದೆ. ನಷ್ಟವೇ ಆಗದಿದ್ದರೆ ಪರಿಹಾರವೂ ಇಲ್ಲ ಎಂದು ಸುಪ್ರೀಂ ಕೋರ್ಟ್ 2015ರ ಕೈಲಾಶ್ ನಾಥ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ನಷ್ಟವನ್ನು ಸಾಬೀತುಪಡಿಸುವುದು ಕಷ್ಟ ಅಥವಾ ಅಸಾಧ್ಯವಾದಾಗ ಮಾತ್ರ ಪ್ರಾಮಾಣಿಕ ಅಂದಾಜಿನ ಮೊತ್ತವನ್ನೇ ಕೊಡಿಸಬಹುದು.

ಆದ್ದರಿಂದ ಸಹಿ ಹಾಕುವ ಮುನ್ನವೇ ಲೆಕ್ಕ ಹಾಕಬೇಕು. ಒಂದು ಕಾಲ್ಪನಿಕ ಉದಾಹರಣೆ ನೋಡೋಣ: ₹40 ಲಕ್ಷದ ಕೆಲಸ, ಮಾಲೀಕರು ಈಗಿರುವ ಮನೆಯ ಬಾಡಿಗೆ ತಿಂಗಳಿಗೆ ₹18,000, ಹೊಸ ಮನೆಯ ಮಹಡಿಯಿಂದ ಬರಬೇಕಾದ ಬಾಡಿಗೆ ₹15,000. ದಿನಕ್ಕೆ ₹600 ಮತ್ತು ₹500, ಒಟ್ಟು ₹1,100. ಈ ಲೆಕ್ಕವನ್ನೇ ಕರಾರಿಗೆ ಅನುಬಂಧವಾಗಿ ಸೇರಿಸಿ, ಒಟ್ಟು ಪರಿಹಾರ ಕರಾರಿನ ಬೆಲೆಯ ಶೇ 5ನ್ನು, ಎಂದರೆ ₹2 ಲಕ್ಷವನ್ನು, ಮೀರುವುದಿಲ್ಲವೆಂದು ಬರೆಯಿರಿ. ಇಂಥ ಅನುಬಂಧವೇ ಮುಂದೆ ನಿಮ್ಮ ಅತ್ಯಂತ ಬಲವಾದ ಸಾಕ್ಷ್ಯವಾಗುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಕೆಲಸ ಮುಗಿಯುವುದೆಂದರೇನು ಎಂಬುದನ್ನೂ ಬರೆಯಬೇಕು: ನೀರು, ವಿದ್ಯುತ್, ಶೌಚಾಲಯ ಬಳಕೆಗೆ ಸಿದ್ಧವಾದ ದಿನವೋ, ಕೊನೆಯ ಕೋಟ್ ಪೇಂಟ್ ಬಳಿದ ದಿನವೋ? ಇದು ಅಸ್ಪಷ್ಟವಾಗಿದ್ದರೆ ದಿನ ಎಣಿಸುವುದೇ ಜಗಳವಾಗುತ್ತದೆ.

ಈಗ ಕೆಲಸ 70 ದಿನ ತಡವಾಯಿತೆನ್ನಿ. ಅದರಲ್ಲಿ 20 ದಿನ, ಗೋಡೆ ಎದ್ದ ಮೇಲೆ ಮಾಲೀಕರೇ ಅಡುಗೆಮನೆಯ ನಕ್ಷೆ ಬದಲಿಸಿದ್ದರಿಂದ ಹೋದದ್ದು. ಆ ದಿನಗಳಿಗೆ ಗಡುವು ವಿಸ್ತರಿಸಿ ಅಂದೇ ಪತ್ರ ಕೊಡಬೇಕು. ವಿಸ್ತರಣೆಯ ಷರತ್ತೇ ಇಲ್ಲದಿದ್ದರೆ ಮೂಲ ಗಡುವೇ ಬಿದ್ದುಹೋಯಿತೆಂದು ಗುತ್ತಿಗೆದಾರರು ವಾದಿಸಬಹುದು. ಉಳಿದ 50 ದಿನಕ್ಕೆ ₹55,000 ಆಗುತ್ತದೆ. ನೆರೆಯವರ ಕರಾರಿನಲ್ಲಿ ದಿನಕ್ಕೆ ₹10,000 ಎಂದಿದ್ದರೆ ಕಾಗದದಲ್ಲಿ ₹5 ಲಕ್ಷ ಕಾಣಬಹುದು. ಆದರೆ ಬಾಡಿಗೆ ನಷ್ಟ ರಸೀದಿಯಿಂದ ಸುಲಭವಾಗಿ ಸಾಬೀತಾಗುವಂಥದ್ದಾದ್ದರಿಂದ, ಅವರೂ ಬಾಡಿಗೆ ಕರಾರು, ಬ್ಯಾಂಕ್ ದಾಖಲೆ ತೋರಿಸಿ ಆದ ನಷ್ಟದಷ್ಟನ್ನೇ ಪಡೆಯಬೇಕಾದೀತು.

ಹೆಚ್ಚಿನವರು ಎಡವುವುದು ಕೀಲಿಕೈ ಪಡೆಯುವ ದಿನ. ಗೃಹಪ್ರವೇಶದ ಸಂಭ್ರಮದಲ್ಲಿ ಸುಮ್ಮನೆ ಮನೆ ವಹಿಸಿಕೊಂಡುಬಿಡುತ್ತಾರೆ. ಸಮಯವೇ ಕರಾರಿನ ಜೀವಾಳವೆಂದಿದ್ದರೆ, ತಡವಾದ ಕೆಲಸವನ್ನು ಸ್ವೀಕರಿಸುವಾಗಲೇ ಪರಿಹಾರ ಕೇಳುವೆನೆಂದು ತಿಳಿಸದವರು ಆ ಹಕ್ಕು ಕಳೆದುಕೊಳ್ಳುತ್ತಾರೆ ಎನ್ನುತ್ತದೆ 55ನೇ ಸೆಕ್ಷನ್. ಆದ್ದರಿಂದ ‘50 ದಿನಗಳ ವಿಳಂಬದ ಪರಿಹಾರದ ಹಕ್ಕನ್ನು ಉಳಿಸಿಕೊಂಡು ಮನೆ ಸ್ವೀಕರಿಸುತ್ತಿದ್ದೇನೆ’ ಎಂದು ಬರೆದು, ದಿನಾಂಕ ಹಾಕಿ, ಪ್ರತಿಯ ಮೇಲೆ ಗುತ್ತಿಗೆದಾರರ ಸಹಿ ಪಡೆಯಿರಿ. ಅವರು ಒಪ್ಪದಿದ್ದರೆ ಅದೇ ದಿನ ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ. ಅಂತಿಮ ಬಿಲ್ಲಿನಲ್ಲಿ ಹಣ ಮುರಿದುಕೊಳ್ಳಲು ಕರಾರಿನಲ್ಲಿ ಅವಕಾಶವಿದ್ದರೆ, ಲೆಕ್ಕದ ಹಾಳೆ ಲಗತ್ತಿಸಿಯೇ ಮುರಿದುಕೊಳ್ಳಿ.